ಭಾನುವಾರದ ಮದುವೆ ಊಟ: ಬರುವವರೆಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಡೆಯುವ ಅಣ್ಣನ ಮಗಳ ಮದುವೆಯಲ್ಲಿ ಊಟದ ಉಸ್ತುವಾರಿ ನನ್ನದು. ಸುಮಾರು 900 ಜನ ಸೇರುವ ಅಂದಾಜಿದೆ. ಯಾರೂ ಅವಸರದಲ್ಲಿ ಉಣ್ಣಬಾರದು, ಯಾರೂ ಹಸಿದು ಕಾಯಬಾರದು ಎಂದು ಮೊದಲೇ ತಿಳಿಸುತ್ತಿದ್ದೇನೆ.

ಧಾರೆ 11.20ಕ್ಕೆ. ಊಟ ಕೆಳಗಿನ ಹಾಲ್‌ನಲ್ಲಿ, ಬಾಳೆಎಲೆಯ ಮೇಲೆ, ಮೂರು ಪಂಕ್ತಿ: 12.15, 1.15, 2.15. ಒಂದು ಪಂಕ್ತಿಗೆ 300 ಎಲೆ. ಮೊದಲ ಪಂಕ್ತಿ ಹಿರಿಯರಿಗೆ, ಮಾತ್ರೆ ಹೊತ್ತಿಗೆ ಸರಿಯಾಗಿ ಉಣ್ಣಬೇಕಾದವರಿಗೆ, ಪುಟ್ಟ ಮಕ್ಕಳ ತಾಯಂದಿರಿಗೆ ಮತ್ತು ಮಧ್ಯಾಹ್ನವೇ ಬೆಂಗಳೂರು, ಹುಬ್ಬಳ್ಳಿ ಕಡೆಗೆ ಹೊರಡುವವರಿಗೆ. ಮನೆಯವರು, ಬಡಿಸುವವರು ಕೊನೆಗೆ ಕೂರುತ್ತೇವೆ. ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಜಾಗ ಕಾಯುವುದು ಬೇಡ, ದಯವಿಟ್ಟು. ಎಲೆ ತೆಗೆದು ಮೇಜು ಒರೆಸಿದ ಮೇಲೆ ನಾವೇ ಕರೆಯುತ್ತೇವೆ. ಅಲ್ಲಿಯವರೆಗೆ ಮೇಲಿನ ಹಾಲ್‌ನಲ್ಲಿ ಪಾನಕ, ಮಸಾಲೆ ಮಜ್ಜಿಗೆ ಇರುತ್ತದೆ.

ಹೆಚ್ಚಿನದೆಲ್ಲ ಮೇಜು ಕುರ್ಚಿಯೇ. ನೆಲದ ಮೇಲೆ ಕೂತೇ ಉಣ್ಣುವ ಅಭ್ಯಾಸದವರಿಗೆ ಬಲಗಡೆ 40 ಮಣೆ ಹಾಕಿಸಿದ್ದೇವೆ. ಗಾಲಿಕುರ್ಚಿಯವರಿಗೆ ಹಿಂಬಾಗಿಲಿನಿಂದ ಮೆಟ್ಟಿಲಿಲ್ಲದ ದಾರಿಯಿದೆ, ಪಕ್ಕದ ಮೊದಲ ಮೇಜು ಅವರಿಗೇ ಮೀಸಲು.

ಎಲೆಗೆ ಬರುವುದು: ಉಪ್ಪು, ಅಪ್ಪೆಮಿಡಿ ಉಪ್ಪಿನಕಾಯಿ, ಸೌತೆಕಾಯಿ ಕೋಸಂಬರಿ, ಬೀನ್ಸ್ ಪಲ್ಯ, ಅನಾನಸ್ ಗೊಜ್ಜು, ಚಿತ್ರಾನ್ನ, ಹಪ್ಪಳ, ಅನ್ನಕ್ಕೆ ತೊವ್ವೆ, ತಿಳಿಸಾರು, ಬೂದುಗುಂಬಳದ ಹುಳಿ, ಮಜ್ಜಿಗೆಹುಳಿ. ಸಿಹಿಗೆ ಕಾಯಿಹಾಲಿನ ಗಸಗಸೆ ಪಾಯಸ ಮತ್ತು ತುಪ್ಪದ ಜೊತೆ ಕಡಲೆಬೇಳೆ ಹೋಳಿಗೆ. ಹೋಳಿಗೆಯನ್ನು ಅಲ್ಲೇ ಬಿಸಿಬಿಸಿ ಬೇಯಿಸುತ್ತಾರೆ, ಹಾಗಾಗಿ ಸ್ವಲ್ಪ ತಡವಾಗಿ ಬರುತ್ತದೆ. ಅದಕ್ಕೆ ಹೊಟ್ಟೆಯಲ್ಲಿ ಜಾಗ ಇಟ್ಟುಕೊಳ್ಳಿ. ಮಾವಿನಕಾಯಿ ಅಪ್ಪೆಹುಳಿಯನ್ನು ಲೋಟದಲ್ಲಿ ಕೊಡುತ್ತೇವೆ. ಕೊನೆಗೆ ಮೊಸರನ್ನ, ಬಾಳೆಹಣ್ಣು, ತಾಂಬೂಲ.

ಅಡುಗೆ ಪೂರ್ತಿ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಜೈನ ಸ್ನೇಹಿತರು ಬರುವುದರಿಂದ ಆಲೂಗಡ್ಡೆ, ಕ್ಯಾರೆಟ್, ಹಸಿಶುಂಠಿಯನ್ನೂ ಬಿಟ್ಟಿದ್ದೇವೆ. ಸಕ್ಕರೆ ಕಾಯಿಲೆಯವರು ಕೇಳಿದರೆ ನವಣೆ ಅನ್ನ ಸಿಗುತ್ತದೆ. ಪಾಯಸಕ್ಕೆ ಹಾಕುವುದು ಬೆಲ್ಲ, ಆದರೆ ಬೆಲ್ಲವೂ ಸಕ್ಕರೆ ಏರಿಸುತ್ತದೆ, ನೋಡಿಕೊಂಡು ಹಾಕಿಸಿಕೊಳ್ಳಿ. ಹಾಲು, ತುಪ್ಪ ಬೇಡದವರಿಗೆ ಕೋಸಂಬರಿ, ಪಲ್ಯ, ಗೊಜ್ಜು, ಹುಳಿ, ಪಾಯಸ ಆಗುತ್ತವೆ. ಇವಕ್ಕೆ ಎಣ್ಣೆಯದೇ ಒಗ್ಗರಣೆ. ಚಿತ್ರಾನ್ನದಲ್ಲಿ ಶೇಂಗಾ, ಪಾಯಸದಲ್ಲಿ ಗೋಡಂಬಿ ಇರುತ್ತದೆ.

ಗೋಧಿ ಆಗದವರು ಹೋಳಿಗೆ ಬಿಟ್ಟರೆ ಸಾಲದು. ಅಂಗಡಿಯ ಇಂಗಿನಲ್ಲೂ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ. ಅಂಥವರಿಗೆ ಇಂಗಿಲ್ಲದ ಸಾರು, ಪಲ್ಯವನ್ನು ಬೇರೆ ಪಾತ್ರೆಯಲ್ಲೇ ಮಾಡಿಸುತ್ತೇವೆ. ಯಾವುದೇ ಅಲರ್ಜಿ ಇದ್ದರೂ ಸಂಕೋಚ ಬೇಡ, ಶುಕ್ರವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ಬರೆಯಿರಿ. ಮದುವೆಯ ದಿನ ಅಡುಗೆಮನೆ ಬಾಗಿಲ ಬಳಿ ಹಸಿರು ಶಲ್ಯ ಹೊದ್ದು ನಾನೇ ನಿಂತಿರುತ್ತೇನೆ.

ಬೇಡವಾದದ್ದನ್ನು ಬಡಿಸುವಾಗಲೇ ಬೇಡವೆನ್ನಿ, ಬೇಕಾದದ್ದನ್ನು ಎರಡು ಸಲ ಕೇಳಿ ಹಾಕಿಸಿಕೊಳ್ಳಿ. ಬರುವವರ ಸಂಖ್ಯೆ ಹೆಚ್ಚುಕಡಿಮೆಯಾದರೆ ಅದನ್ನೂ ಶುಕ್ರವಾರದೊಳಗೆ ತಿಳಿಸಿ. ಶನಿವಾರ ಬೆಳಿಗ್ಗೆ ಎಲೆ, ತರಕಾರಿ ತರಿಸುತ್ತೇವೆ.