ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಕೆಯ ಅವಧಿಯನ್ನು ಒಂದು ವರ್ಷ ವಿಸ್ತರಿಸಲು ಕೋರಿ ಮನವಿ

ಚಿತ್ರದುರ್ಗ
ದಿನಾಂಕ: 22-09-2025

ಇವರಿಂದ,
ಜಿ. ಆರ್. ಸವಿತಾ
ಅರೆಕಾಲಿಕ ಸಂಶೋಧನಾರ್ಥಿ, ಕನ್ನಡ ಅಧ್ಯಯನ ವಿಭಾಗ
(ನೋಂದಣಿ ದಿನಾಂಕ: 18-11-2019)

ಇವರಿಗೆ,
ಮಾನ್ಯ ಕುಲಸಚಿವರು
ದಾವಣಗೆರೆ ವಿಶ್ವವಿದ್ಯಾನಿಲಯ
ಶಿವಗಂಗೋತ್ರಿ, ದಾವಣಗೆರೆ

ಮೂಲಕ: ಸಂಶೋಧನಾ ಮಾರ್ಗದರ್ಶಕರು ಮತ್ತು ವಿಭಾಗದ ಮುಖ್ಯಸ್ಥರು

ವಿಷಯ: ಅನಾರೋಗ್ಯದ ಕಾರಣ ಪಿಎಚ್.ಡಿ. ಮಹಾಪ್ರಬಂಧವನ್ನು ಸಲ್ಲಿಸುವ ಕೊನೆಯ ದಿನಾಂಕವನ್ನು 17-11-2025ರಿಂದ 17-11-2026ರವರೆಗೆ ವಿಸ್ತರಿಸಿಕೊಡುವ ಬಗ್ಗೆ.

ಮಾನ್ಯರೇ,

ನಾನು ತಮ್ಮ ವಿಶ್ವವಿದ್ಯಾನಿಲಯದಲ್ಲಿ "ಚಿತ್ರದುರ್ಗ ಜಿಲ್ಲೆಯ ಕೆರೆಗಳು: ಶಾಸನ ಮತ್ತು ಜನಪದ ಕಥನಗಳ ತೌಲನಿಕ ಅಧ್ಯಯನ" ಎಂಬ ವಿಷಯದಲ್ಲಿ ಪಿಎಚ್.ಡಿ. ಪದವಿಗಾಗಿ ಸಂಶೋಧನೆ ನಡೆಸುತ್ತಿದ್ದೇನೆ. ನನ್ನ ಆರು ವರ್ಷಗಳ ಅವಧಿ ಬರುವ ನವೆಂಬರ್ 17ಕ್ಕೆ ಮುಗಿಯುತ್ತದೆ. ಬೆನ್ನುಮೂಳೆಯ ಕ್ಷಯರೋಗಕ್ಕೆ ಹದಿನೆಂಟು ತಿಂಗಳು ಚಿಕಿತ್ಸೆ ಪಡೆಯಬೇಕಾಗಿ ಬಂದುದರಿಂದ ಆ ದಿನಾಂಕದೊಳಗೆ ಪ್ರಬಂಧವನ್ನು ಸಲ್ಲಿಸಲು ನನ್ನಿಂದ ಸಾಧ್ಯವಾಗುತ್ತಿಲ್ಲ. ಆದ್ದರಿಂದ ಒಂದು ವರ್ಷದ ಕಾಲಾವಕಾಶವನ್ನು ದಯಪಾಲಿಸಬೇಕೆಂದು ಕೋರಿ ಈ ಮನವಿಯನ್ನು ಸಲ್ಲಿಸುತ್ತಿದ್ದೇನೆ.

ಕಾಯಿಲೆಗೆ ಬೀಳುವ ಮೊದಲು ನನ್ನ ಕೆಲಸ ನಿಂತಿರಲಿಲ್ಲ ಎಂಬುದನ್ನು ಮೊದಲಿಗೆ ತಿಳಿಸಬೇಕಾಗಿದೆ. ಕೋರ್ಸ್‌ವರ್ಕ್ ಪರೀಕ್ಷೆಯಲ್ಲಿ 2021ರಲ್ಲಿ ತೇರ್ಗಡೆಯಾದೆ. ಕೋವಿಡ್ ಕಾಲದಲ್ಲಿ ಕ್ಷೇತ್ರಕಾರ್ಯ ತಡವಾದುದು ನಿಜವಾದರೂ ಅದು ಎಲ್ಲ ಸಂಶೋಧನಾರ್ಥಿಗಳಿಗೂ ಬಂದ ತೊಂದರೆಯಾದ್ದರಿಂದ ಅದನ್ನು ಇಲ್ಲಿ ಕಾರಣವಾಗಿ ಹೇಳುತ್ತಿಲ್ಲ. 2021ರ ಕೊನೆಯಿಂದ 2023ರ ಆಗಸ್ಟ್‌ವರೆಗೆ ಜಿಲ್ಲೆಯ ಕೆರೆ ಶಾಸನಗಳನ್ನು ಅವು ಇರುವ ಸ್ಥಳದಲ್ಲೇ ನೋಡಿ, 'ಎಪಿಗ್ರಾಫಿಯಾ ಕರ್ನಾಟಿಕಾ'ದ ಚಿತ್ರದುರ್ಗ ಸಂಪುಟದಲ್ಲಿ ಅಚ್ಚಾಗಿರುವ ಪಾಠದೊಂದಿಗೆ ಹೋಲಿಸುವ ಕೆಲಸ ಮಾಡಿದೆ. ನಾನು ಆರಿಸಿಕೊಂಡ 62 ಶಾಸನಗಳಲ್ಲಿ 47ರ ಪರಿಶೀಲನೆ ಆಗಲೇ ಮುಗಿದಿತ್ತು. ಪ್ರಬಂಧ ಸಲ್ಲಿಸುವ ಮೊದಲು ಪ್ರಕಟವಾಗಿರಬೇಕಾದ ಸಂಶೋಧನಾ ಲೇಖನ ಪ್ರಕಟವಾಗಿದೆ, ಎರಡು ವಿಚಾರ ಸಂಕಿರಣಗಳಲ್ಲಿ ಪ್ರಬಂಧಗಳನ್ನೂ ಮಂಡಿಸಿದ್ದೇನೆ.

2023ರ ಸೆಪ್ಟೆಂಬರಿನಲ್ಲಿ ಬೆನ್ನುನೋವು ಆರಂಭವಾಯಿತು. ಹಳ್ಳಿಗಳಲ್ಲಿ ತಿರುಗಾಡಿ, ಬಸ್ಸಿನಲ್ಲಿ ಓಡಾಡಿ ಆದ ಸ್ನಾಯು ನೋವೆಂದು ನಾನೂ ತಿಳಿದೆ, ಆರಂಭದಲ್ಲಿ ನೋಡಿದ ವೈದ್ಯರೂ ಹಾಗೆಯೇ ಭಾವಿಸಿ ನೋವಿನ ಮಾತ್ರೆ ಕೊಟ್ಟರು. ಸಂಜೆಯ ಜ್ವರ ಮತ್ತು ತೂಕ ಇಳಿಯುವುದು ಕಾಣಿಸಿಕೊಂಡ ಮೇಲೆ, 2024ರ ಜನವರಿ ಕೊನೆಯಲ್ಲಿ ಎಂಆರ್‌ಐ ಮಾಡಿಸಿ, ಸೂಜಿಯಿಂದ ತೆಗೆದ ಮಾದರಿಯನ್ನು ಪರೀಕ್ಷಿಸಿದಾಗ ಸೊಂಟದ ಮೇಲಿನ ಎರಡು ಕಶೇರುಗಳಿಗೆ ಕ್ಷಯ ತಗುಲಿರುವುದು ಗೊತ್ತಾಯಿತು. 09-02-2024ರಂದು ಚಿಕಿತ್ಸೆ ಆರಂಭವಾಗಿ 08-08-2025ರಂದು ಮುಗಿಯಿತು. ಶ್ವಾಸಕೋಶದ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ ಸಾಕಾಗುತ್ತದೆ. ಮೂಳೆಗೆ ಬಂದ ಕ್ಷಯಕ್ಕೆ ಒಂದು ವರ್ಷ ಅಥವಾ ಅದಕ್ಕಿಂತಲೂ ಹೆಚ್ಚು ಕಾಲ ಮಾತ್ರೆ ನುಂಗಬೇಕಾಗುತ್ತದೆ. ನನ್ನ ವಿಷಯದಲ್ಲಿ ಎರಡನೆಯ ಎಂಆರ್‌ಐ ನೋಡಿದ ವೈದ್ಯರು ಹದಿನೆಂಟು ತಿಂಗಳು ಪೂರೈಸಲು ಸೂಚಿಸಿದರು.

ಮೊದಲ ನಾಲ್ಕು ತಿಂಗಳು ನಾನು ಹಾಸಿಗೆಯಲ್ಲೇ ಇದ್ದೆ. ಆ ನಂತರ 2025ರ ಜನವರಿಯವರೆಗೆ ಬೆನ್ನುಪಟ್ಟಿ ಕಟ್ಟಿಕೊಂಡೇ ಏಳಬೇಕಾಗಿತ್ತು, ಒಮ್ಮೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದೆಂದು ವೈದ್ಯರು ತಾಕೀತು ಮಾಡಿದ್ದರು. ಇದರಿಂದ ನನ್ನ ಸಂಶೋಧನೆಗೆ ಏನಾಯಿತೆಂಬುದು ಈ ಕೆಲಸದ ರೀತಿಯನ್ನು ತಿಳಿಸಿದರೆ ಮಾತ್ರ ಸ್ಪಷ್ಟವಾದೀತು. ಕೆರೆ ಶಾಸನಗಳು ಬಹುಮಟ್ಟಿಗೆ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ, ಇಲ್ಲವೇ ಊರ ಗುಡಿಯ ಗೋಡೆಗೆ ಒರಗಿ ನಿಂತಿರುತ್ತವೆ. ಅನೇಕ ಕಲ್ಲುಗಳಿಗೆ ವರ್ಷವರ್ಷವೂ ಸುಣ್ಣ ಬಳಿದಿರುತ್ತಾರೆ. ಮೊದಲು ಊರಿನವರ ಒಪ್ಪಿಗೆ ಪಡೆದು, ಕಲ್ಲಿನ ಮುಂದೆ ಮೊಣಕಾಲೂರಿ ಕುಳಿತು, ನೀರು ಚಿಮುಕಿಸಿ ಮೆತ್ತನೆಯ ಬ್ರಷ್‌ನಿಂದ ಸುಣ್ಣ ಬಿಡಿಸಬೇಕು. ನಂತರ ಒದ್ದೆ ಕಾಗದವನ್ನು ಅಂಟಿಸಿ, ಅಕ್ಷರದ ಗುಳಿಗೆ ಇಳಿಯುವಂತೆ ಕುಂಚದಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯಬೇಕು. ಒಂದು ಕಲ್ಲಿಗೆ ಎರಡು ಮೂರು ಗಂಟೆ ಬಗ್ಗಿಯೇ ಇರಬೇಕಾಗುತ್ತದೆ. ಬೆನ್ನು ಬಗ್ಗದ ಕಾಲದಲ್ಲಿ ಇದನ್ನು ಮಾಡುವುದು ನನ್ನ ಮನಸ್ಸಿನ ದೃಢತೆಯ ಪ್ರಶ್ನೆಯಾಗಿರಲಿಲ್ಲ. ಚಿಕಿತ್ಸೆಯ ಮಾತ್ರೆಗಳಲ್ಲಿ ಒಂದಾದ ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಕೊಡಬಹುದಾದ್ದರಿಂದ, ಅದನ್ನು ನುಂಗುತ್ತಿದ್ದಷ್ಟು ಕಾಲ ಸಣ್ಣ ಅಕ್ಷರಗಳನ್ನು ಬಹಳ ಹೊತ್ತು ದಿಟ್ಟಿಸದಿರಲು ನನಗೆ ಸಲಹೆ ನೀಡಲಾಗಿತ್ತು. ಅತಿಥಿ ಉಪನ್ಯಾಸಕಿಯ ಕೆಲಸವನ್ನೂ ಆ ವರ್ಷ ಬಿಡಬೇಕಾಯಿತು.

ಈ ಸಂಗತಿಯನ್ನು ನಾನು ವಿಭಾಗಕ್ಕೆ ಮುಚ್ಚಿಟ್ಟಿಲ್ಲ. 18-03-2024ರಂದೇ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಲಿಖಿತವಾಗಿ ತಿಳಿಸಿದ್ದೆ. ಅವಧಿ ಇನ್ನೂ ಒಂದೂವರೆ ವರ್ಷಕ್ಕೂ ಹೆಚ್ಚು ಉಳಿದಿದ್ದರಿಂದ ಆಗ ವಿಸ್ತರಣೆಯನ್ನು ಕೇಳಲಿಲ್ಲ, ಬೇಗ ಗುಣವಾಗಿ ಕಾಲದೊಳಗೇ ಮುಗಿಸಬಹುದೆಂಬ ನಂಬಿಕೆ ನನಗಿತ್ತು. 2024ರ ಜೂನ್ ತಿಂಗಳ ಅರ್ಧವಾರ್ಷಿಕ ಪರಿಶೀಲನೆಗೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹಾಜರಾಗಲು ಆಗದಿದ್ದರೂ ಪ್ರಗತಿ ವರದಿಯನ್ನು ಮಾರ್ಗದರ್ಶಕರ ಮೂಲಕ ಕಳುಹಿಸಿದ್ದೆ. ಆ ವರ್ಷದ ಡಿಸೆಂಬರಿನ ಸಭೆಗೂ ಈ ವರ್ಷದ ಜೂನ್ ಸಭೆಗೂ ಖುದ್ದಾಗಿ ಹಾಜರಾಗಿದ್ದೇನೆ.

ಮಾರ್ಗದರ್ಶಕರ ಬಗ್ಗೆ ಇಲ್ಲಿ ನಾಲ್ಕು ಮಾತು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ನಾನು ಹಾಸಿಗೆ ಹಿಡಿದಿದ್ದಾಗ ಅವರು ದಾವಣಗೆರೆಯಿಂದ ಹದಿನೈದು ದಿನಕ್ಕೊಮ್ಮೆಯಾದರೂ ಚಿತ್ರದುರ್ಗದ ನಮ್ಮ ಮನೆಗೆ ಬಂದು, ನಾನು ಮೊದಲೇ ಬರೆದಿದ್ದ ಅಧ್ಯಾಯಗಳನ್ನು ತಾವೇ ಗಟ್ಟಿಯಾಗಿ ಓದುತ್ತಿದ್ದರು. ನಾನು ಮಲಗಿಕೊಂಡೇ ಹೇಳಿದ ತಿದ್ದುಪಡಿಗಳನ್ನು ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದುಕೊಂಡು, ತಮಗೆ ಒಪ್ಪಿಗೆಯಾಗದ ಕಡೆ ಅಲ್ಲೇ ವಾದಕ್ಕಿಳಿಯುತ್ತಿದ್ದರು. ಶಾಸನದಲ್ಲಿ ಬರುವ "ಬಿತ್ತುವಟ್ಟ" ಎಂಬ ಒಂದೇ ಪದದ ಅರ್ಥದ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಕಳೆದದ್ದುಂಟು. ಕೆರೆಯನ್ನು ಕಟ್ಟಿದವರಿಗೋ ಕೆರೆಯ ನಿರ್ವಹಣೆಗೋ ಬಿಟ್ಟ ಭೂಮಿಯನ್ನು ಸೂಚಿಸುವ ಈ ಪದ ನನ್ನ ನಾಲ್ಕನೆಯ ಅಧ್ಯಾಯದ ತಿರುಳಾಗಿದೆ. ಆ ಅಧ್ಯಾಯ ಹೀಗೆಯೇ ಮಲಗಿದ ಕಡೆಯಿಂದ ಪೂರ್ಣಗೊಂಡಿತು. ಐದು ಅಧ್ಯಾಯಗಳಲ್ಲಿ ನಾಲ್ಕು ಇಂದು ಅವರ ಒಪ್ಪಿಗೆ ಪಡೆದು ಸಿದ್ಧವಾಗಿರುವುದಕ್ಕೆ ಅವರ ಈ ಸಹಾಯವೇ ಕಾರಣ. ವಿಸ್ತರಣೆಯನ್ನು ಶಿಫಾರಸು ಮಾಡಿ ಅವರು ಬರೆದ ಪತ್ರವನ್ನು ಲಗತ್ತಿಸಿದ್ದೇನೆ. ಅವರು 2027ರ ಜೂನ್‌ವರೆಗೆ ಸೇವೆಯಲ್ಲಿರುವುದರಿಂದ, ಕೇಳಿರುವ ಅವಧಿಯಲ್ಲಿ ಮಾರ್ಗದರ್ಶಕರನ್ನು ಬದಲಿಸುವ ಪ್ರಶ್ನೆಯೂ ಬರುವುದಿಲ್ಲ.

ಉಳಿದಿರುವುದು ಐದನೆಯ ಅಧ್ಯಾಯ. ಚಂದ್ರವಳ್ಳಿಯಲ್ಲಿ ಮಯೂರಶರ್ಮನು ಕೆರೆಯ ಸಂಗತಿಯನ್ನು ಬಂಡೆಯ ಮೇಲೆ ಕೊರೆಸಿದ ಕಾಲದಿಂದ, ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗಿಯುವವರೆಗೆ ನೀರನ್ನು ಹಿಡಿದಿಟ್ಟ ಕಥೆ ಕಲ್ಲಿನಲ್ಲಿಯೂ ಉಂಟು, ಜನರ ಬಾಯಲ್ಲಿಯೂ ಉಂಟು. ಐದನೆಯ ಅಧ್ಯಾಯ ಈ ಎರಡನ್ನೂ ಎದುರುಬದುರು ಇಟ್ಟು ನೋಡುತ್ತದೆ. ಇದಕ್ಕಾಗಿ ಹಿರಿಯೂರು ತಾಲ್ಲೂಕಿನ ಎಂಟು ಹಾಗೂ ಚಳ್ಳಕೆರೆ ತಾಲ್ಲೂಕಿನ ಆರು ಊರುಗಳಲ್ಲಿ 15 ಶಾಸನಗಳ ಪರಿಶೀಲನೆಯೂ ಹಿರಿಯರ ಮಾತುಗಳ ಧ್ವನಿಮುದ್ರಣವೂ ಆಗಬೇಕಿದೆ. ಈ ಅಧ್ಯಾಯವನ್ನು ಕೈಬಿಟ್ಟು ನಾಲ್ಕೇ ಅಧ್ಯಾಯಗಳ ಪ್ರಬಂಧವನ್ನು ನವೆಂಬರಿನೊಳಗೆ ಸಲ್ಲಿಸಬಹುದಲ್ಲ ಎಂದು ಹಿತೈಷಿಗಳು ಕೆಲವರು ಹೇಳಿದರು. ನಾನು ಅದನ್ನು ಒಪ್ಪಲಾರೆ, ನನ್ನ ಮಾರ್ಗದರ್ಶಕರೂ ಒಪ್ಪಿಲ್ಲ. ಶೀರ್ಷಿಕೆಯಲ್ಲಿ "ತೌಲನಿಕ" ಎಂದು ಬರೆದು ತುಲನೆಯನ್ನೇ ಬಿಟ್ಟರೆ ಅದು ಈ ವಿಷಯಕ್ಕೂ, ವಿಶ್ವವಿದ್ಯಾನಿಲಯ ಕೊಡುವ ಪದವಿಗೂ ನ್ಯಾಯವಾಗುವುದಿಲ್ಲ.

ಈ ಕೆಲಸವನ್ನು ಇನ್ನೂ ಮುಂದೂಡುವಂತೆಯೂ ಇಲ್ಲ. 1933ರ ನಂತರ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಆಗ ಹಿರಿಯೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಹಿಂದಿನ ಸಲ ನೀರು ಬಂದಾಗ ತಮ್ಮ ತಾಯಿ ಕಣ್ಣಾರೆ ಕಂಡದ್ದನ್ನು ನನಗೆ ಅರ್ಧ ಗಂಟೆ ಹೇಳಿ, ಸಂಜೆಯಾಯಿತು, ಮಿಕ್ಕಿದ್ದನ್ನು ಇನ್ನೊಮ್ಮೆ ಬಾ ಹೇಳುತ್ತೇನೆ ಎಂದು ಕಳುಹಿಸಿದ್ದರು. ಈ ಆಗಸ್ಟಿನಲ್ಲಿ, ವೈದ್ಯರು ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟ ವಾರವೇ ಅಲ್ಲಿಗೆ ಹೋದೆ. ಅವರು ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ನನ್ನ ಪಟ್ಟಿಯಲ್ಲಿರುವ ಇನ್ನೂ ಒಂಬತ್ತು ಮಂದಿ ಹಿರಿಯರೆಲ್ಲರೂ ಎಪ್ಪತ್ತೈದು ದಾಟಿದವರು.

ನಿಯಮಗಳ ಬಗ್ಗೆ ನನ್ನ ತಿಳಿವಳಿಕೆಯನ್ನು ವಿನಯದಿಂದ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಯುಜಿಸಿಯ ಹೊಸ ಪಿಎಚ್.ಡಿ. ನಿಯಮಾವಳಿ 2022ರ ನವೆಂಬರಿನಲ್ಲಿ ಜಾರಿಗೆ ಬಂದಿದ್ದರೂ, 2019ರಲ್ಲಿ ನೋಂದಾಯಿಸಿದ ನನಗೆ 2016ರ ನಿಯಮಾವಳಿಯೇ ಅನ್ವಯವಾಗುತ್ತದೆ. ಅದರ ಪ್ರಕಾರ ಗರಿಷ್ಠ ಅವಧಿ ಆರು ವರ್ಷ. ಮಹಿಳಾ ಸಂಶೋಧನಾರ್ಥಿಗಳಿಗೆ ಆ ಗರಿಷ್ಠ ಅವಧಿಯಲ್ಲಿ ಎರಡು ವರ್ಷಗಳವರೆಗೆ ಸಡಿಲಿಕೆ ನೀಡಲು ಅವಕಾಶವಿದೆ. ನಾನು ಎರಡು ವರ್ಷ ಕೇಳುತ್ತಿಲ್ಲ. ಉಳಿದ ಕೆಲಸವನ್ನು ಮಾರ್ಗದರ್ಶಕರೊಂದಿಗೆ ಕುಳಿತು ಲೆಕ್ಕ ಹಾಕಿದಾಗ ನನಗೆ ಬೇಕಾಗಿರುವುದು ಒಂದು ವರ್ಷ ಮಾತ್ರವೆಂದು ಕಂಡಿದೆ.

ಅಕ್ಟೋಬರಿನಿಂದ ಜನವರಿಯವರೆಗೆ, ಮಳೆ ಹಿಂದಾಗಿ ಬಿಸಿಲು ಏರುವ ಮೊದಲು, ಹದಿನಾಲ್ಕು ಊರುಗಳ ಕ್ಷೇತ್ರಕಾರ್ಯವನ್ನು ಮುಗಿಸುತ್ತೇನೆ. ಭಾರ ಎತ್ತದಂತೆಯೂ ಬಹಳ ಹೊತ್ತು ಬಗ್ಗದಂತೆಯೂ ವೈದ್ಯರು ಹೇಳಿರುವುದರಿಂದ ಪಡಿಯಚ್ಚು ತೆಗೆಯುವಾಗ ನನ್ನ ತಮ್ಮ ಜೊತೆಗಿದ್ದು ನೆರವಾಗಲು ಒಪ್ಪಿದ್ದಾನೆ, ಅಕ್ಷರ ಓದುವುದು ಮಾತ್ರ ನನ್ನದೇ ಕೆಲಸ. ಏಪ್ರಿಲ್ ಕೊನೆಗೆ ಐದನೆಯ ಅಧ್ಯಾಯದ ಕರಡನ್ನು ಮಾರ್ಗದರ್ಶಕರಿಗೆ ಒಪ್ಪಿಸಿ, ಜುಲೈನಲ್ಲಿ ವಿಭಾಗದಲ್ಲಿ ಪೂರ್ವ ಮಂಡನೆ ಮಾಡಿ, ಅಲ್ಲಿ ಬಂದ ಸಲಹೆಗಳನ್ನು ಅಳವಡಿಸಿ, ಕೃತಿಚೌರ್ಯ ಪರೀಕ್ಷೆಯ ಪ್ರಮಾಣಪತ್ರದೊಂದಿಗೆ 2026ರ ಸೆಪ್ಟೆಂಬರಿನಲ್ಲಿ ಮಹಾಪ್ರಬಂಧವನ್ನು ಸಲ್ಲಿಸುವ ಉದ್ದೇಶವಿದೆ. ವಿಸ್ತರಣೆಗೆ ವಿಶ್ವವಿದ್ಯಾನಿಲಯವು ನಿಗದಿಪಡಿಸುವ ಶುಲ್ಕವನ್ನು ಆದೇಶ ಬಂದ ಕೂಡಲೇ ಪಾವತಿಸುತ್ತೇನೆ.

ಈ ಮನವಿಯೊಂದಿಗೆ ರೋಗ ಪತ್ತೆಯಾದ ವರದಿ, ಎರಡು ಎಂಆರ್‌ಐ ವರದಿಗಳು, ಚಿಕಿತ್ಸೆ ಪೂರ್ಣಗೊಂಡ ಪ್ರಮಾಣಪತ್ರ, ಪ್ರಯಾಣಕ್ಕೆ ಯೋಗ್ಯಳೆಂಬ ವೈದ್ಯರ ಪತ್ರ, 18-03-2024ರ ನನ್ನ ಪತ್ರದ ಸ್ವೀಕೃತಿ ಪ್ರತಿ, ಮೂರು ಪ್ರಗತಿ ವರದಿಗಳು ಹಾಗೂ ಮಾರ್ಗದರ್ಶಕರ ಶಿಫಾರಸು ಪತ್ರವನ್ನು ಲಗತ್ತಿಸಿದ್ದೇನೆ. ಅಗತ್ಯವೆನಿಸಿದರೆ ತಾವು ಸೂಚಿಸಿದ ದಿನ ಖುದ್ದಾಗಿ ಹಾಜರಾಗಿ, ಸಿದ್ಧವಾಗಿರುವ ನಾಲ್ಕು ಅಧ್ಯಾಯಗಳನ್ನು ತಮ್ಮ ಮುಂದಿಡಲು ಸಿದ್ಧಳಿದ್ದೇನೆ.

ನವೆಂಬರ್ 17ಕ್ಕೆ ಎಂಟು ವಾರ ಮಾತ್ರ ಉಳಿದಿರುವುದರಿಂದ, ನನ್ನ ನೋಂದಣಿ ರದ್ದಾಗುವ ಸಂದರ್ಭ ಬಾರದಂತೆ ಅದಕ್ಕೆ ಮೊದಲೇ ಈ ಮನವಿಯನ್ನು ಸಂಬಂಧಪಟ್ಟ ಸಮಿತಿಯ ಮುಂದಿರಿಸಿ, ಮಹಾಪ್ರಬಂಧ ಸಲ್ಲಿಕೆಯ ಅವಧಿಯನ್ನು 17-11-2026ರವರೆಗೆ ವಿಸ್ತರಿಸಿ ಆದೇಶ ಹೊರಡಿಸಬೇಕೆಂದು ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಜಿ. ಆರ್. ಸವಿತಾ
ಸಂಶೋಧನಾರ್ಥಿ, ಕನ್ನಡ ಅಧ್ಯಯನ ವಿಭಾಗ