ಒರೆಸ್ಲಿಕ್ಕೆ ಕೂರುವ ಮೊದಲು ಒಮ್ಮೆ ಕತ್ತರಿ ಹಾಕಿ ನೋಡಿ

ಎಲ್ರಿಗೂ ನಮಸ್ಕಾರ. ಹಿಂದೆ ಕೂತವ್ರಿಗೆ ಕೇಳ್ತದಾ? ಕೇಳದಿದ್ರೆ ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಉಂಟು, ಚಹಾ ಬರ್ಲಿಕ್ಕೆ ಇನ್ನೂ ಹೊತ್ತುಂಟಂತೆ.

ಫೋಟೋದಲ್ಲಿ ಬೇಡದ್ದು ಬಂದ್ರೆ ಅದನ್ನು ರೀಟಚ್ ಮಾಡಿ ಒರೆಸುವ ಮೊದಲು, ಕ್ರಾಪ್ ಮಾಡಿ ಅಂದ್ರೆ ಅಂಚು ಕತ್ತರಿಸಿ ನೋಡಿ, ಇವತ್ತಿನ ಮಾತು ಅದೇ. ನನ್ನದೇ ಮರ್ಯಾದೆ ಹೋದ ಕಥೆಯಿಂದ ಶುರು ಮಾಡ್ತೇನೆ. ಕುಂಬಳೆ ಕಡೆ ಒಂದು ಮನೆಯ ಭೂತಕೋಲಕ್ಕೆ ಹೋಗಿದ್ದೆ, ರಾತ್ರಿ ಎರಡು ಗಂಟೆ ಆಗಿರಬೇಕು, ಸೂಟೆಯ ಬೆಳಕು, ತಲೆಯ ಹಿಂದೆ ದೊಡ್ಡ ಅಣಿ ಕಟ್ಟಿ ಕುಣೀತಾ ಇರುವಾಗ ಒಂದು ಫ್ರೇಮ್ ಸಿಕ್ಕಿತು, ಮುಖದಲ್ಲಿ ಆ ಆವೇಶ ಅಂದ್ರೆ ಆವೇಶ. ಆದ್ರೆ ಬಲಬದಿಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ, ಅದರ ಪಕ್ಕ ಬಿಳಿ ಶರ್ಟಿನ ಒಬ್ಬರು ನಿಂತು ಮೊಬೈಲಲ್ಲಿ ವಿಡಿಯೋ ತೆಗೀತಾ ಇದ್ದಾರೆ. ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತು ಆ ಮನುಷ್ಯನನ್ನು ಅಳಿಸ್ಲಿಕ್ಕೆ ನನಗೆ ಎರಡು ರಾತ್ರಿ ಬೇಕಾಯ್ತು ಮಾರಾಯ್ರೆ, ಕ್ಲೋನ್ ಸ್ಟಾಂಪ್ ಹಿಡ್ಕೊಂಡು ಮಣ್ಣು ತಂದು ಹಾಕುವುದು, ಕತ್ತಲೆ ತಂದು ಹಾಕುವುದು, ಕುರ್ಚಿಯ ಕಾಲು ಒಂದೊಂದಾಗಿ ತೆಗೆಯುವುದು. ಪ್ರಿಂಟ್ ಹಾಕಿ ಗೋಡೆಗೆ ತೂಗಿಸಿದ್ದೂ ಆಯ್ತು. ನೆಂಟರ ಮನೆಯ ಆರನೇ ಕ್ಲಾಸಿನ ಹುಡುಗಿ ಬಂದು ಎರಡು ನಿಮಿಷ ನೋಡಿ ಕೇಳಿದ್ಳು, "ಮಾಮ, ಈ ನೆರಳು ಯಾರದ್ದು?"

ಮನುಷ್ಯನನ್ನು ಅಳಿಸಿದ್ದೆ. ಅವನ ನೆರಳು ನೆಲದಲ್ಲಿ ಹಾಗೇ ಬಿದ್ಕೊಂಡಿತ್ತು.

ಆಮೇಲೆ ಆ ಫೈಲನ್ನೇ ಪುನಃ ತೆಗೆದು ಬಲಗಡೆಯಿಂದ ಕ್ರಾಪ್ ಎಳೆದೆ, ಕುರ್ಚಿ ಹೋಯ್ತು, ಶರ್ಟು ಹೋಯ್ತು, ನೆರಳೂ ಹೋಯ್ತು, ಹತ್ತು ಸೆಕೆಂಡಿನ ಕೆಲಸ. ಅದಕ್ಕಿಂತ ದೊಡ್ಡ ವಿಷಯ ಎಂತ ಅಂದ್ರೆ, ಮುಖ ಫ್ರೇಮಲ್ಲಿ ದೊಡ್ಡದಾಯ್ತು, ಮೊದಲು ಕಾಣದೇ ಇದ್ದ ಕಣ್ಣಿನ ಹೊಳಪು ಕಂಡಿತು. ರೀಟಚ್ ಮಾಡಿದ್ರೆ ಬೇಡದ್ದು ಹೋಗ್ತದೆ, ಆದ್ರೆ ಆ ಜಾಗ ಅಲ್ಲೇ ಉಳೀತದೆ, ಅಲ್ಲಿ ಎಂತದ್ದಾದ್ರೂ ತುಂಬಿಸ್ಲೇ ಬೇಕು. ಕ್ರಾಪಲ್ಲಿ ಜಾಗವೇ ಹೋಗ್ತದೆ.

ತುಂಬಿಸುವುದು ಯಾಕೆ ಕಷ್ಟ ಅಂತ ಸ್ವಲ್ಪ ನೋಡುವ. ರಾತ್ರಿ ಐಎಸ್ಒ 6400ರಲ್ಲಿ ತೆಗೆದ ಫೋಟೋದಲ್ಲಿ ಎಲ್ಲಾ ಕಡೆ ನಾಯ್ಸ್, ಅಂದ್ರೆ ಮರಳಿನ ಹಾಗಿನ ಚುಕ್ಕೆಗಳು ಇರ್ತದೆ, ನೀವು ಒಂದು ಕಡೆ ಬ್ರಷ್ ಉಜ್ಜಿ ನುಣ್ಣಗೆ ಮಾಡಿದ್ರೆ ಅಷ್ಟು ಭಾಗ ಮಾತ್ರ ಎಣ್ಣೆ ಹಚ್ಚಿದ ಹಾಗೆ ಕಾಣ್ತದೆ. ಬೆಳಕೂ ಹಾಗೆ, ಸೂಟೆಯ ಹತ್ತಿರದ ಮಣ್ಣು ಕಿತ್ತಳೆ ಬಣ್ಣ, ನಾಲ್ಕು ಹೆಜ್ಜೆ ಆಚೆ ಟ್ಯೂಬ್‌ಲೈಟಿನ ಬಿಳಿ, ಅಲ್ಲಿನ ಮಣ್ಣು ಇಲ್ಲಿಗೆ ತಂದ್ರೆ ಕೂಡುವುದಿಲ್ಲ. ಮತ್ತೆ ರಿಪೀಟ್ ಆಗುವುದು, ಒಂದೇ ಕಲ್ಲು ಮೂರು ಕಡೆ, ಒಂದೇ ಎಲೆ ನಾಲ್ಕು ಕಡೆ. ನೀರಿನ ಹತ್ತಿರ ಆದ್ರೆ ಇನ್ನೂ ತಾಪತ್ರಯ, ಅನಂತಪುರದ ಕೆರೆ ಹತ್ತಿರ ದಡದಲ್ಲಿ ಇದ್ದವರನ್ನು ಅಳಿಸಿದ್ರೆ ನೀರಿನಲ್ಲಿರುವ ಅವರ ಪ್ರತಿಬಿಂಬವನ್ನೂ ಅಳಿಸ್ಬೇಕು, ಅದನ್ನು ಮರೆಯದವರು ಯಾರಿದ್ದಾರೆ?

ಇನ್ನೊಂದು, ಬೇಡದ ವಸ್ತು ಹೆಚ್ಚಾಗಿ ಇರುವುದು ಅಂಚಿನಲ್ಲಿ. ಕ್ಲಿಕ್ ಮಾಡುವಾಗ ನಮ್ಮ ಗಮನ ಎಲ್ಲಾ ನಡುವೆ ಇರ್ತದೆ, ಮೂಲೆಗಳನ್ನು ನೋಡುವುದೇ ಇಲ್ಲ, ಅಲ್ಲಿಂದ ಯಾರದ್ದೋ ಅರ್ಧ ಮೊಣಕೈ, ಚಪ್ಪಲಿ ರಾಶಿ, ಶಾಮಿಯಾನದ ಕಂಬ, ಎಲ್ಲಾ ಸದ್ದಿಲ್ಲದೆ ಒಳಗೆ ಬರ್ತದೆ. ಅಂಚಿನಲ್ಲಿ ಇದ್ದದ್ದನ್ನು ಅಂಚಿನಿಂದಲೇ ತೆಗೀಬಹುದಲ್ಲ. ನೋಡುವವರ ಕಣ್ಣು ಮೊದಲು ಹೋಗುವುದು ಜಾಸ್ತಿ ಬೆಳಕಿದ್ದಲ್ಲಿಗೆ, ಗಾಢ ಬಣ್ಣಕ್ಕೆ, ಇನ್ನೊಂದು ಮುಖಕ್ಕೆ, ಮತ್ತೆ ಅಕ್ಷರಕ್ಕೆ. ಅಕ್ಷರದ ವಿಷಯದಲ್ಲಿ ಕಾಸರಗೋಡಿನವರಿಗೆ ಡಬಲ್ ಕಷ್ಟ, ಬೇರೆಯವರಿಗೆ ಮಲಯಾಳ ಬೋರ್ಡು ಬರೀ ಡಿಸೈನ್ ಆಗಿ ಕಾಣ್ಬಹುದು, ನಾವು ಕನ್ನಡವೂ ಓದ್ತೇವೆ, ಅದನ್ನೂ ಓದ್ತೇವೆ, ಫೋಟೋ ನೋಡುವುದು ಬಿಟ್ಟು ಬ್ಯಾನರಿನಲ್ಲಿ ಯಾರ ಮದುವೆ ಅಂತ ನೋಡ್ತೇವೆ!

ದೊಡ್ಡ ದೊಡ್ಡ ಫೋಟೋಗ್ರಾಫರುಗಳು ಕ್ರಾಪ್ ಮಾಡಿದ್ದಾರಾ ಅಂತ ಕಳೆದ ಸಲ ಒಬ್ಬರು ಕೇಳಿದ್ರು. ಟೀಶರ್ಟಿನಲ್ಲೆಲ್ಲ ಬರ್ತದಲ್ಲ ಚೆಗೆವಾರನ ಮುಖ, ನಮ್ಮ ಊರಿನ ಗೋಡೆಗಳಲ್ಲೂ ಬೇಕಾದಷ್ಟು ಉಂಟು, ಅದು 1960ರಲ್ಲಿ ಹವಾನದಲ್ಲಿ ಆಲ್ಬರ್ಟೊ ಕೊರ್ಡಾ ತೆಗೆದದ್ದು. ಪೂರ್ತಿ ನೆಗೆಟಿವ್ ನೋಡಿದ್ರೆ ಒಂದು ಬದಿ ಇನ್ನೊಬ್ಬನ ಮುಖ, ಮತ್ತೊಂದು ಬದಿ ತಾಳೆಗರಿ. ಎರಡನ್ನೂ ಕತ್ತರಿಸಿದ ಮೇಲೆಯೇ ಈಗ ನಾವು ನೋಡುವ ಚಿತ್ರ ಬಂದದ್ದು. ಕ್ರಾಪ್ ಅಂದ್ರೆ ಆಗದ ಫ್ರಾನ್ಸಿನ ಫೋಟೋಗ್ರಾಫರ್ ಕಾರ್ಟಿಯೆ ಬ್ರೆಸೊನ್ ಕೂಡ 1932ರಲ್ಲಿ ಪ್ಯಾರಿಸಿನಲ್ಲಿ ತೆಗೆದ ಆ ನೀರು ಹಾರುವ ಮನುಷ್ಯನ ಫೋಟೋವನ್ನು ಕ್ರಾಪ್ ಮಾಡಿಯೇ ಇಟ್ಟದ್ದು, ಬೇಲಿಯ ಸಂದಿಯಿಂದ ತೆಗೆದದ್ದಲ್ವಾ, ಬೇಲಿ ಅಡ್ಡ ಬಂದಿತ್ತು.

ಸ್ಪರ್ಧೆಗೆ ಕಳಿಸುವವರು ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋದಲ್ಲಿ ಬಹುಮಾನ ಬಂದ ಉಕ್ರೇನಿನ ಫೋಟೋಗ್ರಾಫರ್ ಒಬ್ಬರನ್ನು ಅನರ್ಹ ಮಾಡಿದ್ರು. ಆ ಮನುಷ್ಯ ಮೂಲ ಫೋಟೋವನ್ನು ಸಿಕ್ಕಾಪಟ್ಟೆ ಕ್ರಾಪ್ ಮಾಡಿದ್ದ, ಬ್ಲಾಕ್ ಆಂಡ್ ವೈಟ್ ಮಾಡಿದ್ದ, ಅದಕ್ಕೆಲ್ಲಾ ತೊಂದರೆ ಆಗ್ಲಿಲ್ಲ, ಹಿಂದೆ ಕಾಣ್ತಿದ್ದ ಯಾರದ್ದೋ ಪಾದದ ಒಂದು ಸಣ್ಣ ತುಂಡನ್ನು ಅಳಿಸಿದ್ದು ಸಿಕ್ಕಿಬಿತ್ತು.

ಪಿಕ್ಸೆಲ್ ಹೋಗ್ತದಲ್ಲಾ ಸರ್ ಅಂತೀರಿ. ಲೆಕ್ಕ ಹಾಕುವ. 24 ಮೆಗಾಪಿಕ್ಸೆಲ್ ಅಂದ್ರೆ 6000ಕ್ಕೆ 4000. ಕತ್ತರಿಸಿ ಕತ್ತರಿಸಿ 3600ಕ್ಕೆ 2400ಕ್ಕೆ ಇಳಿಸಿದ್ರಿ ಅಂತಿಟ್ಟುಕೊಳ್ಳಿ, ವಿಸ್ತೀರ್ಣದಲ್ಲಿ ಮೂರರಲ್ಲಿ ಎರಡು ಪಾಲು ಹತ್ರ ಹತ್ರ ಬಿಸಾಡಿದ ಹಾಗಾಯ್ತು. ಆದ್ರೂ ಇಂಚಿಗೆ 300 ಪಿಕ್ಸೆಲಿನ ಲೆಕ್ಕದಲ್ಲಿ 12ಕ್ಕೆ 8 ಇಂಚಿನ ಪ್ರಿಂಟ್ ಆರಾಮಾಗಿ ಬರ್ತದೆ. ವಾಟ್ಸಾಪಿಗೆ ಹಾಕುವವರಂತೂ ಚಿಂತೆಯೇ ಮಾಡ್ಬೇಡಿ, ಅದು ಹೇಗೂ ಕುಗ್ಗಿಸಿಯೇ ಕಳಿಸ್ತದೆ. ಹಾಂ, ಕ್ರಾಪ್ ಮಾಡಿದಷ್ಟೂ ನಾಯ್ಸು, ಫೋಕಸಿನ ತಪ್ಪು ದೊಡ್ಡದಾಗಿ ಕಾಣ್ತದೆ, ಅದು ನಿಜ.

ಎಲ್ಲಾದಕ್ಕೂ ಕತ್ತರಿ ನಡೆಯುವುದಿಲ್ಲ. ತಲೆಯಿಂದಲೇ ಕರೆಂಟು ಕಂಬ ಹೊರಟ ಹಾಗಿದ್ರೆ ಎಲ್ಲಿಂದ ಕತ್ತರಿಸ್ತೀರಿ? ಅದಕ್ಕೆ ಕ್ಲಿಕ್ ಮಾಡುವಾಗಲೇ ಎರಡು ಹೆಜ್ಜೆ ಬದಿಗೆ ಹೋಗ್ಬೇಕಿತ್ತು. ಬೇಕಲ ಕೋಟೆ ಮೇಲಿನ ಆಕಾಶದಲ್ಲಿ ಸೆನ್ಸರ್ ಧೂಳಿನ ಚುಕ್ಕೆ ಇದ್ರೆ ಹೀಲ್ ಬ್ರಷ್ಷಲ್ಲಿ ಒಂದು ಒತ್ತು, ಮುಗೀತು, ಅದಕ್ಕೋಸ್ಕರ ಆಕಾಶ ಕತ್ತರಿಸುವುದು ಹುಚ್ಚುತನ. ಮತ್ತೆ ಕೋಲದಲ್ಲಿ ಅಣಿಯ ತುದಿ ಒಂಚೂರು ಮಾತ್ರ ಕಟ್ ಆದ್ರೆ ಕೈತಪ್ಪಿ ಆದದ್ದು ಅಂತ ಕಾಣ್ತದೆ, ಒಂದೋ ಪೂರ್ತಿ ಬಿಡಿ, ಇಲ್ಲಾ ಧೈರ್ಯದಲ್ಲಿ ಮುಖದ ಹತ್ತಿರಕ್ಕೇ ಬನ್ನಿ. ಮಣಿಕಟ್ಟಿನಲ್ಲಿ, ಮೊಣಕಾಲಿನಲ್ಲಿ ಸರಿಯಾಗಿ ಕತ್ತರಿಸ್ಬೇಡಿ, ಕೈಕಾಲು ಮುರಿದ ಹಾಗೆ ಕಾಣ್ತದೆ. ಮೀನು ಮಾರುಕಟ್ಟೆಯ ಫೋಟೋದಲ್ಲಿ ಗಲಾಟೆಯೇ ವಿಷಯ, ಅಲ್ಲಿ ಅಕ್ಕಪಕ್ಕದವರನ್ನೆಲ್ಲ ಕತ್ತರಿಸಿದ್ರೆ ಒಂದು ಬಂಗುಡೆ ಬುಟ್ಟಿ ಮಾತ್ರ ಉಳೀತದೆ.

ಕೆಲಸದ ಕ್ರಮ ನಂದು ಹೀಗೆ, ಮೊದಲು ಕ್ರಾಪ್, ಆಮೇಲೆ ಉಳಿದದ್ದರಲ್ಲಿ ಕಣ್ಣಿಗೆ ಚುಚ್ಚುವುದು ಎಂತಾದ್ರೂ ಇದ್ರೆ ಮಾತ್ರ ರೀಟಚ್. ಉಲ್ಟಾ ಮಾಡಿದ್ರೆ ಒಂದು ಗಂಟೆ ಉಜ್ಜಿದ ಮೂಲೆಯನ್ನೇ ಕೊನೆಗೆ ಕತ್ತರಿಸಿ ಬಿಸಾಡ್ತೀರಿ, ನಾನು ಮಾಡಿದ್ದೇನೆ. ಕಂಪ್ಯೂಟರಿನ ಲೈಟ್‌ರೂಮ್ ಸಾಫ್ಟ್‌ವೇರಲ್ಲಿ R ಒತ್ತಿದ್ರೆ ಕ್ರಾಪ್ ಬರ್ತದೆ, ಒರಿಜಿನಲಿಗೆ ಎಂತದೂ ಆಗುವುದಿಲ್ಲ, ಯಾವಾಗ ಬೇಕಾದ್ರೂ ಹಿಂದೆ ಹೋಗ್ಬಹುದು. ಮೊಬೈಲಿನವರು ಯಾವುದಕ್ಕೂ ಕಾಪಿಯಾಗಿ ಸೇವ್ ಮಾಡಿ.

ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ಎಲ್ ಆಕಾರದ ಎರಡೆರಡು ತುಂಡು ಕತ್ತರಿಸಿ ತಂದಿದ್ದೇನೆ, ಎರಡನ್ನು ಎದುರುಬದುರು ಇಟ್ರೆ ಬೇಕಾದ ಸೈಜಿನ ಕಿಟಕಿ ಆಗ್ತದೆ. ನೀವು ತಂದ ಪ್ರಿಂಟ್ ಮೇಜಿನ ಮೇಲಿಡಿ, ರಟ್ಟನ್ನು ಆಚೆ ಈಚೆ ಸರಿಸಿ ನೋಡಿ. ಮೊದಲು ಆ ಚಂದ್ರಗಿರಿ ಹೊಳೆಯ ಫೋಟೋ ತನ್ನಿ, ದೋಣಿ ಚಂದ ಉಂಟು, ಎಡಗಡೆ ಆಟೋದ ಹಿಂಭಾಗ ಎಂತಕ್ಕೆ ಬಂತು ಮಾರಾಯ್ರೆ?