ಟೆರೇಸಿನ ವಾಟರ್‌ಪ್ರೂಫಿಂಗ್ ಮತ್ತು ಶಾಖ ತಡೆ ಕೆಲಸ: ಪ್ರಸ್ತಾವನೆ ಮತ್ತು ಖರ್ಚಿನ ಹಂಚಿಕೆ

ದಿನಾಂಕ: 1 ಡಿಸೆಂಬರ್ 2025
ವಿಜಯಪುರ

ಎಲ್ಲ 16 ಫ್ಲ್ಯಾಟ್‌ಗಳ ಮಾನ್ಯ ಮಾಲೀಕರಿಗೆ,

ನಮಸ್ಕಾರ. ಈ ಸಲದ ಸೆಪ್ಟೆಂಬರ್ ಮಳೆಗೆ ನಾಲ್ಕನೇ ಮಹಡಿಯ ನಾಲ್ಕೂ ಫ್ಲ್ಯಾಟ್‌ಗಳು ಸೋರಿವೆ. 403ರ ಮಲಗುವ ಕೋಣೆಯಲ್ಲಿ ಫ್ಯಾನಿನ ಕೊಕ್ಕೆಯ ಸುತ್ತ ಅಂಗೈಯಷ್ಟು ಪ್ಲಾಸ್ಟರ್ ಉದುರಿದೆ. ಅಲ್ಲಿ ಕಾಣುವ ಸರಳನ್ನು ಉಗುರಿನಿಂದ ಕೆರೆದರೆ ತುಕ್ಕು ಹಪ್ಪಳದ ಹಾಗೆ ಪದರಪದರವಾಗಿ ಏಳುತ್ತದೆ. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಇದನ್ನು ಬರೀ ಕಲೆ ಎಂದು ನೋಡುವಂತಿಲ್ಲ. ಇನ್ನೆರಡು ಮಳೆಗಾಲ ಹೀಗೇ ಬಿಟ್ಟರೆ ಸ್ಲ್ಯಾಬನ್ನೇ ದುರಸ್ತಿ ಮಾಡಬೇಕಾಗುತ್ತದೆ, ಅದರ ಖರ್ಚು ಈಗಿನದಕ್ಕಿಂತ ಬಹಳ ದೊಡ್ಡದು.

2021ರಲ್ಲಿ ಹಳೆಯ ಕೋಬಾದ, ಅಂದರೆ ಸ್ಲ್ಯಾಬಿನ ಮೇಲಿರುವ ಇಟ್ಟಿಗೆ ಚೂರು ಮತ್ತು ಗಾರೆಯ ಪದರದ ಮೇಲೆಯೇ ಬಿಳಿ ಬಣ್ಣದ ಕೋಟಿಂಗ್ ಹೊಡೆಸಿದ್ದೆವು. ಎರಡು ಬೇಸಿಗೆಗೆ ಅದು ಗುಳ್ಳೆ ಎದ್ದು ಕಿತ್ತು ಹೋಯಿತು. ಕಾರಣ ಈಗ ಗೊತ್ತಾಗಿದೆ. ಕೋಬಾವನ್ನು ಸುತ್ತಿಗೆಯಿಂದ ತಟ್ಟಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಕಡೆ ಡಬಡಬ ಎಂದಿತು. ಒಳಗಿನ ಇಟ್ಟಿಗೆ ಚೂರುಗಳು ನೀರು ಹಿಡಿದುಕೊಂಡಿವೆ. ಬಿಸಿಲಿಗೆ ಆ ನೀರು ಆವಿಯಾಗಿ ಮೇಲಿನ ಕೋಟಿಂಗನ್ನು ಎತ್ತುತ್ತದೆ. ಮೇಲೆ ಎಂಥ ದುಬಾರಿ ಮಾಲು ಹಚ್ಚಿದರೂ ಇದೇ ಗತಿ. ಆದ್ದರಿಂದ ಕೋಬಾ ಪೂರ್ತಿ ಕಿತ್ತು ಸ್ಲ್ಯಾಬಿನಿಂದಲೇ ಕೆಲಸ ಶುರು ಮಾಡಬೇಕೆಂದು ಕಮಿಟಿಯ ಅಭಿಪ್ರಾಯ. ಕೋಬಾ ಉಳಿಸಿಕೊಂಡು ಅದರ ಮೇಲೆ ಹೊಸ ಪದರ ಹಾಕಿದರೆ ಭಾರವೂ ಸುಮಾರು ಎರಡು ಪಟ್ಟಾಗುತ್ತದೆ. ಕಿತ್ತು ಹಾಕಿದರೆ ಹೊಸ ಪದರಗಳ ಭಾರ ಹಳೆಯದಕ್ಕೆ ಹೆಚ್ಚುಕಡಿಮೆ ಸರಿಸಮ. ಕೆಲಸ ಶುರುವಾಗುವ ಮೊದಲು ಸ್ಟ್ರಕ್ಚರಲ್ ಇಂಜಿನಿಯರರಿಂದ ಇದನ್ನು ಬರಹದಲ್ಲಿ ಪಡೆಯುತ್ತೇವೆ.

ಕೆಲಸದ ಕ್ರಮ ಹೀಗಿದೆ. ಕೋಬಾ ಕೀಳುವಾಗ ದೊಡ್ಡ ಬ್ರೇಕರ್ ಬೇಡ, ಅದರ ಅದುರಿಗೆ ಸ್ಲ್ಯಾಬ್ ಬಿರುಕು ಬಿಡುತ್ತದೆ. ಕೈ ಉಳಿ, ಸಣ್ಣ ಯಂತ್ರ ಸಾಕು. ಕಿತ್ತ ರಾಶಿಯನ್ನು ಟೆರೇಸಿನ ಒಂದೇ ಮೂಲೆಯಲ್ಲಿ ಗುಡ್ಡೆ ಹಾಕದೆ ಅಂದಂದೇ ಕೆಳಗಿಳಿಸಬೇಕು. ಆಮೇಲೆ ಬಿರುಕುಗಳನ್ನು 10 ಮಿ.ಮೀ. ವಿ ಆಕಾರದಲ್ಲಿ ತೆರೆದು ಪಾಲಿಮರ್ ಮಾರ್ಟರ್ ತುಂಬುವುದು, ಸರಳು ಕಾಣುವಲ್ಲಿ ತುಕ್ಕು ಉಜ್ಜಿ ಪ್ರೈಮರ್ ಹಚ್ಚುವುದು. ಸೋರಿಕೆ ಹೆಚ್ಚಾಗಿರುವುದು ಪೈಪುಗಳು ಸ್ಲ್ಯಾಬ್ ದಾಟುವ ಜಾಗಗಳಲ್ಲಿ. ಅಲ್ಲಿ ಹಳೆ ಸಿಮೆಂಟ್ ತೆಗೆದು ಕುಗ್ಗದ ಗ್ರೌಟ್ ತುಂಬಬೇಕು. ಮಳೆನೀರಿನ ನಾಲ್ಕೂ 3 ಇಂಚಿನ ಪೈಪುಗಳನ್ನು ತೆಗೆದು, ಗುಮ್ಮಟದಾಕಾರದ ಜಾಳಿಗೆ ಇರುವ 4 ಇಂಚಿನವನ್ನು ಕೂರಿಸುತ್ತೇವೆ. ಚಪ್ಪಟೆ ಜಾಳಿಗೆ ಒಂದು ಬೇವಿನ ಗರಿ ಬಿದ್ದರೂ ಕಟ್ಟಿಕೊಳ್ಳುತ್ತದೆ.

ಅದರ ಮೇಲೆ 100ಕ್ಕೆ 1ರ ಇಳಿಜಾರಿನ ಕಾಂಕ್ರೀಟ್, ಪ್ಯಾರಾಪೆಟ್ ಗೋಡೆ ಸೇರುವಲ್ಲಿ ಮೂಲೆ ತುಂಬುವ 50 ಮಿ.ಮೀ. ವಾಟಾ. ಇದು ಗಟ್ಟಿಯಾಗಿ ಒಣಗಿದ ಮೇಲೆ ಪಾಲಿಮರ್ ಸಿಮೆಂಟ್ ಕೋಟಿಂಗ್ ಎರಡು ಕೈ, ನಡುವೆ ಫೈಬರ್ ಜಾಲಿ, ಗೋಡೆಯ ಮೇಲೆ ಒಂದು ಅಡಿ ಎತ್ತರದವರೆಗೆ. ಎರಡನೇ ಕೈಯನ್ನು ಮೊದಲನೆಯದಕ್ಕೆ ಅಡ್ಡಡ್ಡವಾಗಿ ಎಳೆಯಬೇಕು. ಮಧ್ಯಾಹ್ನದ ಬಿಸಿಲಲ್ಲಿ ಹಚ್ಚಿದರೆ ಬೇಗ ಒಣಗಿ ಕೂದಲೆಳೆ ಬಿರುಕು ಬರುತ್ತವೆ, ಆದ್ದರಿಂದ ಬೆಳಿಗ್ಗೆ 10ರೊಳಗೆ ಅಥವಾ ಸಂಜೆ 4ರ ನಂತರ ಮಾತ್ರ.

ನಂತರ ನೀರು ನಿಲ್ಲಿಸುವ ಪರೀಕ್ಷೆ: 50 ಮಿ.ಮೀ. ನೀರು, 72 ಗಂಟೆ. ಇಡೀ ಟೆರೇಸಿಗೆ ಸುಮಾರು 20,000 ಲೀಟರ್ ಬೇಕು. ನಮ್ಮೂರಲ್ಲಿ ಅಷ್ಟು ನೀರು ಸುಮ್ಮನೆ ಚೆಲ್ಲುವಂತಿಲ್ಲ. ನಡುವೆ ಮಾರ್ಟರಿನ ಬದು ಕಟ್ಟಿ ಅರ್ಧ ಅರ್ಧ ಪರೀಕ್ಷಿಸಿ, ಮೊದಲರ್ಧದ ನೀರನ್ನೇ ಎರಡನೇ ಅರ್ಧಕ್ಕೆ ಹಾಯಿಸುತ್ತೇವೆ. ಪ್ರತಿ ಅರ್ಧದ ಮೂರು ದಿನವೂ ನಾಲ್ಕನೇ ಮಹಡಿಯವರು ದಯವಿಟ್ಟು ಮನೆಯಲ್ಲಿದ್ದು ಛತ್ತು ತೋರಿಸಬೇಕು. ಈ ಪರೀಕ್ಷೆ ಪಾಸಾಗದೆ ಮುಂದಿನ ಪದರ ಹಾಕಲು ಬಿಡುವುದಿಲ್ಲ, ಏಕೆಂದರೆ ಆಮೇಲೆ ತಪ್ಪು ಹುಡುಕಲು ಎಲ್ಲವನ್ನೂ ಒಡೆಯಬೇಕಾಗುತ್ತದೆ.

ಪರೀಕ್ಷೆ ಆದ ಮೇಲೆ ಶಾಖ ತಡೆಯಲು 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಬೋರ್ಡ್. 1.25 × 0.6 ಮೀಟರಿನವು, ತುಂಡು ಹೋಗುವುದು ಸೇರಿ 560 ಬೇಕು. ಥರ್ಮಾಕೋಲ್ ಬೋರ್ಡ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಕಾಲಾಂತರದಲ್ಲಿ ನೀರು ಹೀರುತ್ತದೆ, ಕೋಟಿಂಗಿನ ಮೇಲೆ ಕೂರಿಸಲು ಯೋಗ್ಯವಲ್ಲ. ಬೋರ್ಡಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಜಾಲಿ ಹಾಕಿದ 40 ಮಿ.ಮೀ. ಕಾಂಕ್ರೀಟ್, ಕೊನೆಗೆ ಬಿಳಿ ಚೈನಾ ಚಿಪ್ಸ್.

ಒಟ್ಟು 4,300 ಚದರ ಅಡಿ ಟೆರೇಸಿಗೆ ಜಿಎಸ್‌ಟಿ ಸೇರಿ ಅಂದಾಜು:

ಕೋಬಾ ಕೀಳುವುದು, ಸಾಗಣೆ: ₹1,29,000
ಬಿರುಕು, ಪೈಪು, ವಾಟಾ: ₹68,000
ಇಳಿಜಾರು ಕಾಂಕ್ರೀಟ್: ₹2,58,000
ಕೋಟಿಂಗ್ (ಗೋಡೆ ಸೇರಿ 4,580 ಚದರ ಅಡಿ): ₹2,29,000
ಅನಿರೀಕ್ಷಿತ ಖರ್ಚಿಗೆ: ₹50,000
ಎಕ್ಸ್‌ಪಿಎಸ್ ಬೋರ್ಡ್, ಬಟ್ಟೆ: ₹3,44,000
ಮೇಲಿನ ಕಾಂಕ್ರೀಟ್, ಚಿಪ್ಸ್: ₹4,73,000
ಒಟ್ಟು: ₹15,51,000

ಸಿಂಕಿಂಗ್ ಫಂಡಿನಲ್ಲಿರುವ ₹4,10,000ರಲ್ಲಿ ₹2,18,000 ತೆಗೆಯೋಣ. ಲಿಫ್ಟಿನ ಹಗ್ಗ ಬದಲಿಸುವುದಿದೆ, ಅದಕ್ಕಾಗಿ ಉಳಿದದ್ದನ್ನು ಮುಟ್ಟುವುದು ಬೇಡ. ಸಂಗ್ರಹಿಸಬೇಕಾದದ್ದು ₹13,33,000.

ಈಗ ಹಂಚಿಕೆ. ಮೊದಲ ಮಹಡಿಯ ಕೆಲವರು "ಸೋರುವುದು ಮೇಲಿನವರಿಗೆ, ನಾವೇಕೆ ಕೊಡಬೇಕು" ಎಂದು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ ಮೇಲ್ಛಾವಣಿ ಎಲ್ಲರಿಗೂ ಸೇರಿದ ಜಾಗ, ಅದರ ಖರ್ಚು ಎಲ್ಲ ಮಾಲೀಕರ ಅವಿಭಾಜ್ಯ ಪಾಲಿನ ಪ್ರಮಾಣದಲ್ಲಿ ಬೀಳುತ್ತದೆ. ನಾನು ಟೆರೇಸ್ ಬಳಸುವುದಿಲ್ಲ ಎಂದು ಹೇಳಿ ಯಾರೂ ಬಿಡುಗಡೆ ಪಡೆಯುವಂತಿಲ್ಲ. ಸ್ಲ್ಯಾಬ್ ಹಾಳಾದರೆ ಕಟ್ಟಡದ ಬೆಲೆ ಬೀಳುವುದೂ ಹದಿನಾರೂ ಮನೆಗೆ.

ಆದರೆ ಬೋರ್ಡಿನ ವಿಷಯ ಸ್ವಲ್ಪ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಕಾವು ಬಿಡದ ಛತ್ತಿನ ಕೆಳಗೆ ಮಲಗುವವರು ನಾಲ್ಕನೇ ಮಹಡಿಯವರು, ತಂಪಿನ ಲಾಭ ಮುಖ್ಯವಾಗಿ ಅವರಿಗೆ. ಹಾಗೆಂದು ಪೂರ್ತಿ ಅವರ ಮೇಲೆ ಹೊರಿಸುವುದೂ ನ್ಯಾಯವಲ್ಲ. ನಮ್ಮ 24 ಮೀಟರ್ ಉದ್ದದ ಸ್ಲ್ಯಾಬ್ 30 ಡಿಗ್ರಿ ಏರಿಳಿತಕ್ಕೆ 7 ಮಿ.ಮೀ.ನಷ್ಟು ಹಿಗ್ಗಿ ಕುಗ್ಗುತ್ತದೆ, ಬಿರುಕು ಹುಟ್ಟುವುದೇ ಅಲ್ಲಿಂದ. ಬೋರ್ಡ್ ಆ ಎಳೆದಾಟವನ್ನು ತಗ್ಗಿಸಿ ಕೋಟಿಂಗಿನ ಆಯುಷ್ಯ ಹೆಚ್ಚಿಸುತ್ತದೆ. ಆದ್ದರಿಂದ ಬೋರ್ಡಿನ ಅರ್ಧ ಖರ್ಚು ಎಲ್ಲರದು, ಉಳಿದರ್ಧ ನಾಲ್ಕನೇ ಮಹಡಿಯವರದು. ಕಾಯ್ದೆಯ ಪ್ರಮಾಣಕ್ಕಿಂತ ಹೆಚ್ಚಿನ ಈ ಪಾಲಿಗೆ ಆ ನಾಲ್ವರೂ ತಾವಾಗಿ ಒಪ್ಪಿ ಸಹಿ ಮಾಡಿದ್ದಾರೆ, ಅವರಿಗೆ ಕೃತಜ್ಞತೆಗಳು.

ನಮ್ಮ ಅವಿಭಾಜ್ಯ ಪಾಲು ಫ್ಲ್ಯಾಟಿನ ವಿಸ್ತೀರ್ಣಕ್ಕೆ ತಕ್ಕಂತೆಯೇ ಇರುವುದರಿಂದ ಲೆಕ್ಕ ಸುಲಭ. ಎಲ್ಲರಿಗೂ ಚದರ ಅಡಿಗೆ ₹67.50, ನಾಲ್ಕನೇ ಮಹಡಿಗೆ ಇನ್ನೂ ₹40.

950 ಚದರ ಅಡಿ, 1ರಿಂದ 3ನೇ ಮಹಡಿ: ₹64,125
1,200 ಚದರ ಅಡಿ, 1ರಿಂದ 3ನೇ ಮಹಡಿ: ₹81,000
950 ಚದರ ಅಡಿ, 4ನೇ ಮಹಡಿ: ₹1,02,125
1,200 ಚದರ ಅಡಿ, 4ನೇ ಮಹಡಿ: ₹1,29,000

ಮೂರು ಸಮ ಕಂತು: ಜನವರಿ 5, ಫೆಬ್ರವರಿ 5, ಮಾರ್ಚ್ 5. ಪಿಂಚಣಿಯ ಮೇಲೆ ನಡೆಯುವ ಮನೆಗಳಿಗೆ ಆರು ಕಂತು ಮಾಡಿಕೊಡುತ್ತೇವೆ, ನನಗೊಂದು ಮಾತು ಹೇಳಿದರೆ ಸಾಕು. ಅನಿರೀಕ್ಷಿತ ಖರ್ಚಿನ ಹಣ ಉಳಿದರೆ ಸಿಂಕಿಂಗ್ ಫಂಡಿಗೆ ಮರಳುತ್ತದೆ. ಗುತ್ತಿಗೆದಾರರಿಗೆ ಕೊಡುವ ಒಟ್ಟು ಹಣದಲ್ಲಿ ನೂರಕ್ಕೆ 10ನ್ನು 2026ರ ಅಕ್ಟೋಬರ್‌ವರೆಗೆ, ಅಂದರೆ ಒಂದು ಮಳೆಗಾಲ ಕಳೆಯುವ ತನಕ, ತಡೆಹಿಡಿಯುತ್ತೇವೆ. ಏಳು ವರ್ಷದ ಗ್ಯಾರಂಟಿ ಛಾಪಾ ಕಾಗದದ ಮೇಲೆ.

ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ, ಜನವರಿ 19ಕ್ಕೆ ಕೆಲಸ ಶುರು, ಸುಮಾರು 45 ದಿನ. ಶಾವಿಗೆ, ಹಪ್ಪಳ ಒಣಗಿಸುವ ಹೊತ್ತಿಗೆ ಮಾಳಿಗೆ ನಿಮ್ಮ ಕೈಗೆ ಬರಬೇಕೆಂದೇ ಈ ದಿನಾಂಕ ಇಟ್ಟಿದ್ದೇವೆ. ಅಲ್ಲಿಯವರೆಗೆ ಟೆರೇಸ್ ಬಂದ್. ಡಿಶ್ ಮತ್ತು ಸೋಲಾರ್ ಹೀಟರ್ ಇಳಿಸಿ ಕೂರಿಸುವ ಖರ್ಚು ಅವರವರದು. ಅವನ್ನು ಮತ್ತೆ ಇಡುವಾಗ ಕಾಂಕ್ರೀಟ್ ಕಟ್ಟೆಯ ಮೇಲೆ ಮಾತ್ರ ಇಡಬೇಕು, ನೆಲಕ್ಕೆ ಒಂದು ಡ್ರಿಲ್ ಹಾಕಿದರೂ ಗ್ಯಾರಂಟಿ ಹೋಗುತ್ತದೆ.

ಡಿಸೆಂಬರ್ 14, ಭಾನುವಾರ ಬೆಳಿಗ್ಗೆ 10ಕ್ಕೆ ಕೆಳಗಿನ ಪಾರ್ಕಿಂಗಿನಲ್ಲಿ ವಿಶೇಷ ಸಭೆ ಕರೆದಿದ್ದೇವೆ. ಮೂರೂ ಕೊಟೇಶನ್, ಕಿತ್ತ ಕೋಬಾದ ತುಂಡು, ಬೋರ್ಡಿನ ಮಾದರಿ ಅಲ್ಲಿರುತ್ತವೆ. ಊರಲ್ಲಿಲ್ಲದ ಮಾಲೀಕರು ಒಪ್ಪಿಗೆ ಅಥವಾ ಆಕ್ಷೇಪವನ್ನು 12ರೊಳಗೆ ಬರೆದು ಕಳಿಸಬೇಕು. ಹಂಚಿಕೆಯಲ್ಲಿ ಯಾರಿಗಾದರೂ ಅನ್ಯಾಯ ಕಂಡರೆ ಸಭೆಗೆ ಮುಂಚೆಯೇ ತಿಳಿಸಿ, ಲೆಕ್ಕದ ಪುಸ್ತಕ ಹಿಡಿದು ನಿಮ್ಮ ಮನೆಗೆ ಬರುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಅಪಾರ್ಟ್‌ಮೆಂಟ್ ಮಾಲೀಕರ ಸಂಘ